ಮೂಸಂಬಿ ಜ್ಯೂಸ್ ಅಂಗಡಿ: ಹಣ್ಣು ಸರಿಯಾಗಿ ತೊಳೆದು, ಒಳ್ಳೆ ಐಸ್ ಹಾಕಿದರೆ ಗ್ಲಾಸಿಗೆ ಎಷ್ಟು ಜಾಸ್ತಿ ಬೀಳುತ್ತೆ?

ಹಾಸನ_ಜ್ಯೂಸ್

ಹಾಸನದಲ್ಲಿ ಚಿಕ್ಕ ಜ್ಯೂಸ್ ಅಂಗಡಿ ಇಟ್ಟಿದ್ದೇನೆ. ನಾನು, ಜೊತೆಗೆ ಒಬ್ಬ ಹುಡುಗ. ಮೂಸಂಬಿಯೇ ಜಾಸ್ತಿ ಹೋಗುತ್ತೆ, ಆಮೇಲೆ ಕಲ್ಲಂಗಡಿ, ಅನಾನಸ್. ಬೇಸಿಗೆಯಲ್ಲಿ ದಿನಕ್ಕೆ 120 ಗ್ಲಾಸ್ ಆಗುತ್ತೆ. ಮೂಸಂಬಿ ಗ್ಲಾಸಿಗೆ 50 ರೂಪಾಯಿ.

ಹತ್ತಿರದ ಕೋಚಿಂಗ್ ಸೆಂಟರಿನವರು ದಿನಾ 40 ಗ್ಲಾಸ್ ತಗೊಳ್ಳುತ್ತೇವೆ ಎನ್ನುತ್ತಿದ್ದಾರೆ. ಆದರೆ ಹಣ್ಣು ಹೇಗೆ ತೊಳೆಯುತ್ತೀರಿ, ಐಸ್ ಎಲ್ಲಿಂದ ತರುತ್ತೀರಿ ಅಂತ ಬರೆದು ಕೊಡಬೇಕಂತೆ. ಈಗ ನಾವು ಒಂದು ಟಬ್ ನೀರಲ್ಲಿ ಹಣ್ಣು ಮುಳುಗಿಸಿ ಎತ್ತುತ್ತೇವೆ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ಬರುತ್ತೆ, ಕೆಜಿಗೆ 6 ರೂಪಾಯಿ. ಗೋಣಿಚೀಲದಲ್ಲಿ ಸುತ್ತಿ ಇಟ್ಟು, ಬೇಕಾದಾಗ ಕುಟ್ಟಿ ಹಾಕುತ್ತೇವೆ. ಪ್ಯಾಕೆಟ್ ಕ್ಯೂಬ್ ಐಸ್ ಕೆಜಿಗೆ 15 ಹೇಳುತ್ತಾರೆ.

ಇದನ್ನೆಲ್ಲ ಬದಲಾಯಿಸಿದರೆ ಗ್ಲಾಸಿಗೆ ಐದಾರು ರೂಪಾಯಿ ಜಾಸ್ತಿ ಆಗುತ್ತೆ ಅಂತ ನನ್ನ ಅಂದಾಜು. 50ರಿಂದ ಮೇಲೆ ಹೋದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾರೆ. ಅನುಭವ ಇದ್ದವರು ಹೇಳಿ.

ಮಲೆನಾಡ_ಗೆಳೆಯ

ಇಷ್ಟೊಂದು ತಲೆ ಕೆಡಿಸ್ಕೋಬೇಡಿ ಗುರು. ಐಸ್ ಅಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ. ಅಲ್ಲಿ ಯಾವ ಕ್ರಿಮಿ ಬದುಕುತ್ತೆ? ಹಣ್ಣಿಗೆ ಉಪ್ಪು, ಅರಿಶಿನ ಹಾಕಿದ ನೀರು ಸಾಕು. ಹೇಗೂ ಮೂಸಂಬಿಯ ಸಿಪ್ಪೆ ಬಿಸಾಕುತ್ತೀರಿ, ಒಳಗಿನದು ತಾನೇ ಕುಡಿಯೋದು.

ಲ್ಯಾಬಿನ_ಅಕ್ಕ

ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗೆಳೆಯರೇ, ಐಸಿನಲ್ಲಿ ಕ್ರಿಮಿ ಬೆಳೆಯೋದಿಲ್ಲ, ಅಷ್ಟು ನಿಜ. ಆದರೆ ಎಲ್ಲಾ ಸಾಯೋದಿಲ್ಲ. ಟೈಫಾಯಿಡ್, ಭೇದಿ ತರುವ ಕ್ರಿಮಿಗಳಲ್ಲಿ ಒಂದು ಪಾಲು ಹೆಪ್ಪಾಗುವಾಗ ಹೋಗುತ್ತೆ, ಉಳಿದದ್ದು ಸುಮ್ನೆ ಕೂತಿರುತ್ತೆ. ಗ್ಲಾಸಿನಲ್ಲಿ ಐಸ್ ಕರಗಿದಾಗ ಮತ್ತೆ ಶುರು. ನಾವೇ ಲ್ಯಾಬಿನಲ್ಲಿ ಕ್ರಿಮಿಗಳನ್ನು ವರ್ಷಗಟ್ಟಲೆ ಕಾಪಾಡೋದು ಫ್ರೀಜರಿನಲ್ಲಿಟ್ಟೇ.

ಸಿಪ್ಪೆಯ ಮಾತಿಗೆ ಬಂದರೆ, ಹೊರಗಿನ ಕೊಳೆಯನ್ನು ಒಳಗೆ ತಗೊಂಡು ಹೋಗೋದು ಚಾಕು. ಕಲ್ಲಂಗಡಿ ಹೊಲದಲ್ಲಿ ಮಣ್ಣಿನ ಮೇಲೇ ಮಲಗಿ ಬೆಳೆದಿರುತ್ತೆ. ತೊಳೆಯದೆ ಕೊಯ್ದರೆ ಚಾಕು ಸಿಪ್ಪೆ ದಾಟಿ ತಿರುಳಿಗೆ ಇಳಿಯುವಾಗ ಮಣ್ಣೂ ಇಳಿಯುತ್ತೆ. ಮೂಸಂಬಿಯಲ್ಲೂ ಹಾಗೇ. ಅರ್ಧ ಹೋಳನ್ನು ಒತ್ತುವ ಮೆಷಿನ್ ಆದರೆ ಸಿಪ್ಪೆಯ ಮೇಲಿನದು ರಸದ ಜೊತೆಗೇ ಹರಿದು ಬರುತ್ತೆ.

ಅರಿಶಿನ, ಉಪ್ಪು ಬಣ್ಣಕ್ಕೆ, ಸಮಾಧಾನಕ್ಕೆ. ಕೆಲಸ ಮಾಡೋದು ಉಜ್ಜುವುದು, ಹರಿಯುವ ನೀರು, ಆಮೇಲೆ ಅಳತೆಯ ಕ್ಲೋರಿನ್.

ಹಾಸನ_ಜ್ಯೂಸ್

ಅಕ್ಕ, ಅಳತೆ ಹೇಳಿ. ಬ್ಲೀಚಿಂಗ್ ಪೌಡರ್ ಹಾಕಬಹುದಾ? ವಾಸನೆ ಬಂದರೆ ಗಿರಾಕಿ ಮುಖ ಸಿಂಡರಿಸುತ್ತಾರೆ.

ಲ್ಯಾಬಿನ_ಅಕ್ಕ

ಪೌಡರ್ ಬೇಡ. ಸುಣ್ಣ ತಳದಲ್ಲಿ ಕೂರುತ್ತೆ, ಬಲ ಎಷ್ಟಿದೆ ಅಂತ ಗೊತ್ತಾಗಲ್ಲ. ಆಹಾರ ಬಳಕೆಗೆ ಅಂತಲೇ ಬರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತನ್ನಿ. ನೆಲ ಒರೆಸಲು, ಬಟ್ಟೆಗೆ ಅಂತ ಸುವಾಸನೆ ಸೇರಿಸಿ ಮಾರುವುದನ್ನು ತರಬೇಡಿ. ಕ್ಯಾನಿನ ಮೇಲೆ 4 ಪರ್ಸೆಂಟ್ ಅಂತ ಇದ್ದರೆ 10 ಲೀಟರ್ ನೀರಿಗೆ ಹನ್ನೆರಡು ಮಿಲಿ ಸಾಕು. ಅಂದರೆ ಸುಮಾರು 50 ಪಿಪಿಎಂ. ಅಳೆಯೋಕೆ ಸೂಜಿ ಇಲ್ಲದ ಸಿರಿಂಜ್ ಇಟ್ಟುಕೊಳ್ಳಿ, ಮುಚ್ಚಳದ ಅಂದಾಜು ಬೇಡ.

ಅಳತೆಗಿಂತ ಕ್ರಮ ಮುಖ್ಯ. ಮೊದಲು ಒಡೆದ, ಮೆತ್ತಗಾದ ಹಣ್ಣು ಬೇರೆ ಮಾಡಿ. ಆಮೇಲೆ ನಲ್ಲಿಯ ಕೆಳಗೆ ಬ್ರಷ್ಷಿನಿಂದ ಉಜ್ಜಿ ಮಣ್ಣು ತೆಗೆಯಿರಿ. ಅದಾದ ಮೇಲೆ ಕ್ಲೋರಿನ್ ನೀರಲ್ಲಿ ಎರಡು-ಮೂರು ನಿಮಿಷ, ಪೂರ್ತಿ ಮುಳುಗಿರಬೇಕು. ಕಡೆಗೆ ಕುಡಿಯುವ ನೀರಲ್ಲಿ ಜಾಲಿಸಿ, ಜಾಲರಿ ಬುಟ್ಟಿಯಲ್ಲಿ ನೀರು ಸೋರಲು ಬಿಡಿ. ಹೀಗೆ ಮಾಡಿದರೆ ವಾಸನೆ ಉಳಿಯಲ್ಲ.

ಮಣ್ಣಿನ ಸಮೇತ ಮುಳುಗಿಸಿದರೆ ಏನಾಗುತ್ತೆ ಗೊತ್ತಾ? ಕ್ಲೋರಿನ್ನೆಲ್ಲ ಮಣ್ಣಿಗೇ ಖರ್ಚಾಗುತ್ತೆ, ಹಣ್ಣಿಗೆ ಏನೂ ಉಳಿಯಲ್ಲ. ನೀವು ಈಗ ಮಾಡುತ್ತಿರುವ ಒಂದೇ ಟಬ್ಬಿನ ಪದ್ಧತಿಯಲ್ಲಿ ಕಡೆಯ ಹಣ್ಣು ಮೊದಲಿನ ಎಲ್ಲಾ ಹಣ್ಣಿನ ಕೊಳೆಯಲ್ಲಿ ಸ್ನಾನ ಮಾಡುತ್ತೆ. ನೀರು ಕಲಕಿದಂತೆ ಕಂಡರೆ ಚೆಲ್ಲಿ, ಹೊಸದು ಮಾಡಿ. ಕ್ಲೋರಿನ್ ನೋಡುವ ಕಾಗದದ ಪಟ್ಟಿ ಸಿಗುತ್ತೆ, ನಡುವೆ ಒಮ್ಮೆ ಅದ್ದಿ ನೋಡಿ. ಬಣ್ಣ ಬರದಿದ್ದರೆ ಅದು ಬರೀ ನೀರು. ಕ್ಯಾನನ್ನು ಬಿಸಿಲಲ್ಲಿ ಇಡಬೇಡಿ, ಬಲ ಇಳಿದು ಹೋಗುತ್ತೆ.

ಮಲೆನಾಡ_ಗೆಳೆಯ

ಸರಿ ಮೇಡಂ, ಒಪ್ಪಿದೆ. ಆ ಕ್ಲೋರಿನ್ ನೀರಿಗೆ ಎರಡು ನಿಂಬೆಹಣ್ಣು ಹಿಂಡಿದರೆ ಇನ್ನೂ ಜೋರಾಗಿ ಕೆಲಸ ಮಾಡುತ್ತೆ ಅಂತ ಕೇಳಿದ್ದೇನೆ. ಹುಳಿಯಲ್ಲಿ ಕ್ಲೋರಿನ್‌ಗೆ ಬಲ ಜಾಸ್ತಿಯಂತೆ.

ಲ್ಯಾಬಿನ_ಅಕ್ಕ

ಕೇಳಿದ್ದು ಸುಳ್ಳಲ್ಲ, ಸ್ವಲ್ಪ ಹುಳಿ ಕಡೆ ಇದ್ದರೆ ಬಲ ಜಾಸ್ತಿಯೇ. ದೊಡ್ಡ ಕಾರ್ಖಾನೆಗಳಲ್ಲಿ ಮೀಟರ್ ಇಟ್ಟು ಅದನ್ನು ಹೊಂದಿಸುತ್ತಾರೆ. ಅಂಗಡಿಯಲ್ಲಿ ಮಾತ್ರ ಖಂಡಿತ ಬೇಡ. ನಿಂಬೆಹುಳಿ, ವಿನಿಗರ್ ಯಾವುದೇ ಆಗಲಿ, ಕೈತಪ್ಪಿ ಜಾಸ್ತಿ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಚಿಕ್ಕ ಅಂಗಡಿಯ ಒಳಗೆ ಕಣ್ಣು, ಗಂಟಲು ಉರಿದು ಹೋಗುತ್ತೆ. ನೀರಿಗೆ ಸೇರಿಸದ ದ್ರಾವಣಕ್ಕೇ ಹುಳಿ ಬಿದ್ದರಂತೂ ಆಸ್ಪತ್ರೆಯೇ.

ಮಲ್ಪೆ_ಕಡಲು

ಐಸಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯವರು ಮೀನಿನ ವ್ಯವಹಾರದವರು, ಐಸ್ ಪ್ಲಾಂಟಿನ ಒಳಗೇ ಓಡಾಡಿ ಬೆಳೆದವನು.

ಗಡ್ಡೆ ಐಸ್ ಮಾಡುವುದು ಹೇಗೆ ಅಂದರೆ, ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ಸೊನ್ನೆಗಿಂತ ಕೆಳಗೆ ತಣ್ಣಗಿರುತ್ತೆ. ಅದರೊಳಗೆ ತಗಡಿನ ಉದ್ದ ಡಬ್ಬಗಳನ್ನು ಇಳಿಸಿ ನೀರು ತುಂಬುತ್ತಾರೆ. ಐಸ್ ಆದ ಮೇಲೆ ಡಬ್ಬವನ್ನು ಮೇಲೆತ್ತಿ, ಬೇರೆ ತೊಟ್ಟಿಯ ನೀರಲ್ಲಿ ಅದ್ದಿದರೆ ಗಡ್ಡೆ ಸಡಿಲವಾಗಿ ಜಾರುತ್ತೆ. ಜಾರಿ ಬೀಳೋದು ನೆಲಕ್ಕೆ. ಅದೇ ನೆಲದಲ್ಲಿ ಬೂಟು, ಚಪ್ಪಲಿ, ಬರಿಗಾಲು ಎಲ್ಲ ಓಡಾಡುತ್ತೆ. ಕೊಕ್ಕೆ ಹಾಕಿ ಎಳೆದು ಟೆಂಪೋಗೆ ತುಂಬುತ್ತಾರೆ. ಮೀನಿಗೆ ಹೋಗುವ ಐಸ್ ಇದು, ಅದಕ್ಕೆ ಅಷ್ಟೇ ಸಾಕು ಅನ್ನುವ ಲೆಕ್ಕ. ಬೋಟಿಗೆ ಹೋದ ಗಡ್ಡೆಯ ಪಕ್ಕದ ಗಡ್ಡೆಯೇ ಜ್ಯೂಸ್ ಅಂಗಡಿಗೂ ಹೋಗುವುದನ್ನು ನೋಡಿದ್ದೇನೆ.

ತಿನ್ನಲು ಅಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ಮಹಾರಾಷ್ಟ್ರದಲ್ಲಿ 2018ರಲ್ಲೇ ನಿಯಮ ಬಂತು, ಎಫ್‌ಎಸ್‌ಎಸ್‌ಎಐ ಕೂಡ ಅದೇ ಹೇಳಿದೆ. ಹಾಗಂತ ಬೆಳ್ಳಗಿದ್ದ ಐಸೆಲ್ಲ ಕುಡಿಯಬಹುದು ಅಂದುಕೊಳ್ಳಬೇಡಿ. ಬಣ್ಣ ಹಾಕದೇ ಮಾರುವವರು ಇದ್ದಾರೆ.

ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ. ಗಡ್ಡೆಯ ಒಂದು ಚೂರನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟು ಕರಗಲು ಬಿಡಿ. ತಳದಲ್ಲಿ ತುಕ್ಕು, ಮರಳು, ಗೋಣಿಯ ನಾರು ಕಂಡರೆ ಗೊತ್ತಾಯ್ತಲ್ಲ. ಉಪ್ಪುಪ್ಪು ರುಚಿ ಇದ್ದರೆ ಡಬ್ಬ ತೂತಾಗಿ ತೊಟ್ಟಿಯ ನೀರು ಒಳಗೆ ಬಂದಿದೆ ಅಂತ ಅರ್ಥ.

ಲ್ಯಾಬಿನ_ಅಕ್ಕ

ರುಚಿ ನೋಡೋದು ಬೇಡಪ್ಪ! ಮತ್ತೆ, ತಳದಲ್ಲಿ ಏನೂ ಕಾಣಲಿಲ್ಲ ಅಂದರೆ ಶುದ್ಧ ಅಂತಲೂ ಅಲ್ಲ. ಅದಕ್ಕೆ H2S ಬಾಟಲಿ ಅಂತ ಇದೆ. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗಳ ಕುಡಿಯುವ ನೀರು ನೋಡಲು ಬಳಸುತ್ತಾರೆ. ಐಸನ್ನು ಶುದ್ಧ ಪಾತ್ರೆಯಲ್ಲಿ ಕರಗಿಸಿ, ಬಾಟಲಿಯ ಗೆರೆ ತನಕ ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಮಲದ ಕ್ರಿಮಿ ಸೇರಿದೆ ಅನ್ನುವ ಸೂಚನೆ. ಕಪ್ಪಾದ ಬಾಟಲಿಯಲ್ಲಿ ಕ್ರಿಮಿ ಕೋಟಿಗಟ್ಟಲೆ ಬೆಳೆದಿರುತ್ತೆ, ಅದನ್ನು ಅಂಗಡಿಯಲ್ಲಿ ತೆಗೆಯಬೇಡಿ. ಕಪ್ಪಾಗಲಿಲ್ಲ ಅಂದರೆ ನೂರಕ್ಕೆ ನೂರು ಸರಿ ಅಂತಲೂ ಅಲ್ಲ, ಎಲ್ಲಾ ಕ್ರಿಮಿಯನ್ನೂ ಅದು ಹಿಡಿಯಲ್ಲ. ಕೋಚಿಂಗ್ ಸೆಂಟರಿಗೆ ತೋರಿಸಲು ಕಾಗದ ಬೇಕಾದರೆ ಲ್ಯಾಬಿಗೇ ಕೊಡಬೇಕು.

ಬಿಸಿಲು_ಬೆಂಗಳೂರು

ನಾನು ಗಿರಾಕಿ ಕಡೆಯಿಂದ ಹೇಳುತ್ತೇನೆ. ಜ್ಯೂಸ್ ಅಂಗಡಿಯವರೆಲ್ಲ ಐಸ್ ತುಂಬಿಸಿ ನಮಗೆ ಮೋಸ ಮಾಡೋದು. ಅರ್ಧ ಗ್ಲಾಸ್ ಐಸ್, ಅರ್ಧ ಜ್ಯೂಸ್. 'ಐಸ್ ಬೇಡ' ಅಂದರೆ ಹತ್ತು ರೂಪಾಯಿ ಜಾಸ್ತಿ ಕೇಳುತ್ತಾರೆ. ಐಸ್ ಹಾಕದೇ ಇರೋದಕ್ಕೆ ದುಡ್ಡು ಯಾಕೆ ಕೊಡಬೇಕು? ಇದಕ್ಕೆ ಮೊದಲು ಉತ್ತರ ಕೊಡಿ.

ಲೆಕ್ಕದ_ಖಾತೆ

ಮೈಸೂರಿನಲ್ಲಿ ಕ್ಯಾಂಟೀನ್ ಲೆಕ್ಕ ನೋಡುತ್ತೇನೆ. ಬೆಂಗಳೂರಿನ ಸರ್ ಕೇಳಿದ್ದು ಬೇರೆ ವಿಷಯ ಆದರೂ ಉತ್ತರ ಇದೇ ಲೆಕ್ಕದಲ್ಲಿ ಸಿಗುತ್ತೆ. ಹಾಸನದವರೇ, ಮೂಟೆಗೆ ಎಷ್ಟು, ಬಾಡಿಗೆ ಎಷ್ಟು, ಹುಡುಗನಿಗೆ ಎಷ್ಟು?

ಹಾಸನ_ಜ್ಯೂಸ್

ಈಗ 30 ಕೆಜಿ ಮೂಟೆ 1,650. ಕೊಳೆತದ್ದು ಒಂದೂವರೆ ಕೆಜಿ ಹೋಗುತ್ತೆ. ಗ್ಲಾಸ್ 300 ಮಿಲಿಯದು, ಅದರಲ್ಲಿ 200 ಮಿಲಿ ರಸ, ಉಳಿದದ್ದು ಐಸ್. ಬಾಡಿಗೆ ತಿಂಗಳಿಗೆ 9,000, ಹುಡುಗನಿಗೆ ದಿನಕ್ಕೆ 500, ಕರೆಂಟ್ ದಿನಕ್ಕೆ ನೂರರ ಹತ್ತಿರ. ಐಸ್ ದಿನಕ್ಕೆ 20 ಕೆಜಿ ತರಿಸುತ್ತೇನೆ. ಪೇಪರ್ ಗ್ಲಾಸ್, ಸ್ಟ್ರಾ ಸೇರಿ 2 ರೂಪಾಯಿ.

ಲೆಕ್ಕದ_ಖಾತೆ

ಹಾಗಾದರೆ ನೋಡಿ. ಉಳಿಯುವ ಹಣ್ಣು 28.5 ಕೆಜಿ. ನಾರು, ಸಿಪ್ಪೆ, ಬೀಜ ಕಳೆದು ತೂಕದ 40 ಪರ್ಸೆಂಟ್ ರಸ ಅಂತ ಹಿಡಿದರೆ 11.4 ಲೀಟರ್, ಅಂದರೆ 57 ಗ್ಲಾಸ್. 1,650ನ್ನು 57ರಿಂದ ಭಾಗಿಸಿದರೆ ಗ್ಲಾಸಿಗೆ 29 ರೂಪಾಯಿ ಹಣ್ಣೇ ಆಯ್ತು. ಸಕ್ಕರೆ ಅರ್ಧ ರೂಪಾಯಿ. ಐಸ್ 20 ಕೆಜಿಗೆ 120 ರೂಪಾಯಿ, 120 ಗ್ಲಾಸಿಗೆ ಹಂಚಿದರೆ 1 ರೂಪಾಯಿ. ಗ್ಲಾಸ್, ಸ್ಟ್ರಾ 2. ಬಾಡಿಗೆ, ಕೂಲಿ, ಕರೆಂಟ್ ದಿನಕ್ಕೆ 900, ಅಂದರೆ ಏಳೂವರೆ. ಎಲ್ಲಾ ಸೇರಿ 40. ನಿಮಗೆ ಉಳಿಯೋದು 10.

ಈಗ ಬದಲಾವಣೆ. ಪ್ಯಾಕೆಟ್ ಕ್ಯೂಬ್ ಗಡ್ಡೆಯಷ್ಟು ಕರಗಿ ಹಾಳಾಗಲ್ಲ, ಕುಟ್ಟುವಾಗ ಚೂರು ಹಾರಲ್ಲ. 14 ಕೆಜಿ ಸಾಕಾಗುತ್ತೆ ಅಂದುಕೊಳ್ಳಿ. 210 ರೂಪಾಯಿ, ಗ್ಲಾಸಿಗೆ 1.75. ಅಂದರೆ ಈಗಿನದಕ್ಕಿಂತ 75 ಪೈಸೆ ಜಾಸ್ತಿ. ಕ್ಲೋರಿನ್ ಐದು ಪೈಸೆಯೂ ಇಲ್ಲ. ಜಾಲಿಸಲು ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಮೂರು ಕ್ಯಾನ್ ತಂದರೆ ಹದಿನೈದು ರೂಪಾಯಿ, ಗ್ಲಾಸಿಗೆ ಹನ್ನೆರಡು ಪೈಸೆ. ಹುಡುಗನ ಅರ್ಧ ಗಂಟೆ ಕೆಲಸ ಇಪ್ಪತ್ತು ಪೈಸೆ. ಒಟ್ಟು ಒಂದೂಕಾಲು ರೂಪಾಯಿ ಒಳಗೆ. ಐದಾರು ರೂಪಾಯಿ ಅಲ್ಲ.

ಐದಾರು ರೂಪಾಯಿ ಹೋಗುವ ಜಾಗ ಬೇರೆ ಇದೆ. ದಪ್ಪ ಸಿಪ್ಪೆಯ ಮೂಟೆ ಬಂದು 36 ಪರ್ಸೆಂಟ್ ರಸ ಬಂದರೆ ಹಣ್ಣಿನ ಖರ್ಚೇ 32 ದಾಟುತ್ತೆ. ತೆಳು ಸಿಪ್ಪೆ, ಕೈಗೆ ಭಾರ ಇರುವ ಹಣ್ಣು ಆರಿಸಿ 45 ಬಂದರೆ 26ರ ಒಳಗೆ. ಮಳೆ ಬಂದು 60 ಗ್ಲಾಸ್ ಮಾತ್ರ ಹೋದ ದಿನ ಬಾಡಿಗೆ, ಕೂಲಿಯ ಪಾಲು ಏಳೂವರೆಯಿಂದ ಹದಿನೈದಕ್ಕೆ ಏರುತ್ತೆ. ಐಸಿನಲ್ಲಿ ಉಳಿಸಿದ 75 ಪೈಸೆಯಿಂದ ಇದು ಯಾವುದೂ ತುಂಬಲ್ಲ.

ಬೆಂಗಳೂರಿನ ಸರ್ ಗಮನಕ್ಕೆ: ಐಸ್ ಬಿಟ್ಟು ಅದೇ ಗ್ಲಾಸ್ ತುಂಬಿಸಿ ಕೊಟ್ಟರೆ ಇನ್ನೂ 100 ಮಿಲಿ ರಸ ಬೇಕು, ಅದರ ಬೆಲೆ ಹದಿನಾಲ್ಕೂವರೆ. ಹತ್ತು ಜಾಸ್ತಿ ಕೇಳಿದವನಿಗೆ ಅಲ್ಲಿ ಲಾಭವೇ ಕಡಿಮೆ ಆಗುತ್ತೆ.

ಬಿಸಿಲು_ಬೆಂಗಳೂರು

ಹಾಗಾದರೆ '200 ಮಿಲಿ ರಸ' ಅಂತ ಬೋರ್ಡಿನಲ್ಲಿ ಬರೆಯಲಿ. ಐಸ್ ಇಲ್ಲದವರಿಗೆ ಚಿಕ್ಕ ಗ್ಲಾಸಿನಲ್ಲಿ ಅಷ್ಟೇ ಕೊಡಲಿ, ಅದೇ 50ಕ್ಕೆ. ಅಳತೆ ಗೊತ್ತಿದ್ದರೆ ನಾನ್ಯಾಕೆ ಜಗಳ ಆಡಲಿ?

ಮಂಡ್ಯ_ಕಬ್ಬು

ನನ್ನದು ಕಬ್ಬಿನ ಹಾಲಿನ ಗಾಡಿ. ಕಬ್ಬಿಗೆ ಈ ಕ್ಲೋರಿನ್ ಸ್ನಾನ ಹೇಗೆ ಮಾಡಿಸೋದು? ಆರಡಿ ಜಲ್ಲೆ ಯಾವ ಟಬ್ಬಿಗೆ ಹಿಡಿಯುತ್ತೆ? ಗೆಣ್ಣಿನ ಹತ್ತಿರ ಮಣ್ಣು ಬಿಡೋದೇ ಇಲ್ಲ. ಜೊತೆಗೆ ರೋಲರಿಗೆ ನೊಣ ಮುತ್ತಿಕೊಳ್ಳುತ್ತೆ.

ಲ್ಯಾಬಿನ_ಅಕ್ಕ

ಜಲ್ಲೆಯನ್ನು ಮೊದಲೇ ತುಂಡು ಮಾಡಿ ನೆನೆಸಿದರೆ ಕೊಯ್ದ ಬಾಯಿಂದ ನೀರು ಒಳಗೆ ಹೋಗುತ್ತೆ. ಗೆಣ್ಣು ಹೆರೆದು, ಬ್ರಷ್ ಹಾಕಿ, ಹರಿಯುವ ನೀರಲ್ಲಿ ಉಜ್ಜಿ. ರೋಲರನ್ನು ರಾತ್ರಿ ಬಿಚ್ಚಿ ತೊಳೆಯದಿದ್ದರೆ ಬೆಳಗಿನ ಮೊದಲ ಲೋಟದಲ್ಲಿ ನಿನ್ನೆಯ ಸಿಪ್ಪೆಯ ಹುಳಿ ಇರುತ್ತೆ. ಗಾಡಿಯ ಮೇಲೆ ಇದಕ್ಕಿಂತ ಜಾಸ್ತಿ ಏನು ಮಾಡಬಹುದೋ ನನಗೆ ಹೊಳೆಯುತ್ತಿಲ್ಲ.

ಮಲ್ಪೆ_ಕಡಲು

ಹಾಸನದವರೇ, ಕ್ಯೂಬ್ ತಂದ ಮಾತ್ರಕ್ಕೆ ಮುಗಿಯಲಿಲ್ಲ. ಕ್ಯೂಬನ್ನು ಥರ್ಮೋಕೋಲ್ ಡಬ್ಬದಲ್ಲಿ ಸುರಿದು, ದುಡ್ಡು ಮುಟ್ಟಿದ ಕೈಯಲ್ಲೇ ಹಿಡಿ ಹಿಡಿ ತೆಗೆದು ಹಾಕಿದರೆ 75 ಪೈಸೆ ದಂಡ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಅದು ಐಸಿನೊಳಗೆ ಹೂತಿರಬಾರದು, ಹೊರಗೆ ಮುಚ್ಚಿದ ಪಾತ್ರೆಯಲ್ಲಿ ಇರಬೇಕು. ಗಾಜಿನ ಲೋಟದಿಂದಂತೂ ತೆಗೆಯಬೇಡಿ. ಅಂಚು ಚಕ್ಕೆ ಎದ್ದರೆ ಐಸಿನಲ್ಲಿ ಗಾಜು ಹುಡುಕಲು ಆಗಲ್ಲ, ಡಬ್ಬ ಪೂರ್ತಿ ಚೆಲ್ಲಬೇಕು. ಮತ್ತೆ ಆ ಡಬ್ಬದಲ್ಲಿ ಹಾಲಿನ ಪ್ಯಾಕೆಟ್, ಸೋಡಾ ಬಾಟಲಿ ತಣ್ಣಗೆ ಮಾಡಲು ಇಡುತ್ತಾರಲ್ಲ, ಅದು ನಿಲ್ಲಬೇಕು. ಬಾಟಲಿಯ ಹೊರಗಿನ ಧೂಳೆಲ್ಲ ಐಸಿಗೆ ಸೇರುತ್ತೆ.

ಹಾಸನ_ಜ್ಯೂಸ್

ಇದು ನಮ್ಮಂಗಡಿಯದೇ ವರ್ಣನೆ. ಒಬ್ಬರು ಐಸ್ ಮೆಷಿನ್ 45,000ಕ್ಕೆ ಕೊಡುತ್ತೇನೆ ಅಂದಿದ್ದಾರೆ, ದಿನಕ್ಕೆ 30 ಕೆಜಿಯಂತೆ. ತಗೊಳ್ಳಲಾ?

ಲೆಕ್ಕದ_ಖಾತೆ

30 ಕೆಜಿ ಅನ್ನೋದು ತಣ್ಣಗಿನ ಕೋಣೆ, ತಣ್ಣಗಿನ ನೀರು ಇದ್ದಾಗ. ಏಪ್ರಿಲ್ ಮಧ್ಯಾಹ್ನ ನಿಮ್ಮ ಅಂಗಡಿಯ ಬಿಸಿಗೆ ಅಷ್ಟು ಬರಲ್ಲ, ಆದರೂ ನಿಮಗೆ ಸಾಕಾಗಬಹುದು. ಕರೆಂಟು, ನೀರು ಸೇರಿ ದಿನಕ್ಕೆ 40 ಅಂತ ಹಿಡಿದರೆ ಪ್ಯಾಕೆಟ್ಟಿಗಿಂತ 170 ಉಳಿಯುತ್ತೆ. ಆದರೆ ಅದು ಬೇಸಿಗೆಯ ಲೆಕ್ಕ. ಮಳೆಗಾಲ ಸೇರಿಸಿದರೆ ಅಸಲು ಬರಲು ಒಂದೂವರೆ ವರ್ಷದ ಹತ್ತಿರ. ಕೋಚಿಂಗ್ ಸೆಂಟರಿನ ಆರ್ಡರ್ ಒಂದು ಬೇಸಿಗೆ ನಿಂತರೆ ಆಮೇಲೆ ತಗೊಳ್ಳಿ ಅಂತ ನನ್ನ ಅಭಿಪ್ರಾಯ.

ಲ್ಯಾಬಿನ_ಅಕ್ಕ

ಮೆಷಿನ್ ತಗೊಂಡರೂ ಅದನ್ನು ತೊಳೆಯಬೇಕು. ಒಳಗೆ ನಸುಗೆಂಪು ಲೋಳೆ ಕಟ್ಟುತ್ತೆ, ಕೈ ಹಾಕಿ ಸವರಿದರೆ ಗೊತ್ತಾಗುತ್ತೆ. ಕುಡಿಯುವ ನೀರಿನ ಘಟಕದ ಆರ್‌ಓ ನೀರಲ್ಲಿ ಕ್ಲೋರಿನ್ ಉಳಿದಿರಲ್ಲ. ಅದಕ್ಕೇ ಕ್ಯಾನ್ ಕೊಳಕಾಗಿದ್ದರೆ ಒಳ್ಳೆ ನೀರೂ ಬೇಗ ಕೆಡುತ್ತೆ. ಕ್ಯಾನನ್ನೂ ಅದೇ ಅಳತೆಯ ಕ್ಲೋರಿನ್ ನೀರಲ್ಲಿ ಕುಲುಕಿ ತೊಳೆಯಿರಿ.

ಇನ್ನೊಂದು ದಾರಿ ಇದೆ, ಐಸನ್ನೇ ಕಡಿಮೆ ಮಾಡೋದು. 30 ಡಿಗ್ರಿಯ 200 ಮಿಲಿ ರಸವನ್ನು 5 ಡಿಗ್ರಿಗೆ ಇಳಿಸಲು ಸುಮಾರು 60 ಗ್ರಾಂ ಐಸ್ ಕರಗಬೇಕು. ಅಷ್ಟೂ ನೀರು ರಸಕ್ಕೇ ಸೇರುತ್ತೆ. ತೊಳೆದು ಒಣಗಿಸಿದ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟು, ರಸ 10 ಡಿಗ್ರಿಯಲ್ಲೇ ಸಿಕ್ಕರೆ ಹನ್ನೆರಡು ಗ್ರಾಂ ಸಾಕು. ಎರಡು ಕ್ಯೂಬ್ ಹಾಕಿದರೆ ಆಯ್ತು. ರುಚಿಯೂ ಗಟ್ಟಿ.

ಮಂಡ್ಯ_ಕಬ್ಬು

ತಣ್ಣಗಿನ ಮೂಸಂಬಿ ಸರಿಯಾಗಿ ಹಿಂಡಕ್ಕೆ ಬರಲ್ಲ ಅಕ್ಕ, ರಸ ಕಡಿಮೆ ಬೀಳುತ್ತೆ. ನಮ್ಮ ಚಿಕ್ಕಪ್ಪ ಅದಕ್ಕೇ ಬಿಸಿಲಿಗೆ ಇಟ್ಟು ಆಮೇಲೆ ಹಿಂಡುತ್ತಿದ್ದರು.

ಲೆಕ್ಕದ_ಖಾತೆ

ರಸ ಎರಡು ಪರ್ಸೆಂಟ್ ಇಳಿದರೂ ಗ್ಲಾಸಿಗೆ ಒಂದೂವರೆ ರೂಪಾಯಿ ಹೋಗುತ್ತೆ, ಐಸಿನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ. ಐದು ಕೆಜಿ ತಣ್ಣಗಿನದು, ಐದು ಕೆಜಿ ಹಾಗೇ ಇದ್ದದ್ದು ಹಿಂಡಿ ತೂಗಿ ನೋಡಿ ಹಾಸನದವರೇ. ಬಾಯಿಮಾತಲ್ಲಿ ತೀರೋ ವಿಷಯ ಅಲ್ಲ ಇದು.

ಹಾಸನ_ಜ್ಯೂಸ್

ತೂಗಿ ನೋಡಿ ಇಲ್ಲೇ ಹಾಕುತ್ತೇನೆ. ತೊಳೆಯುವ ಕ್ರಮ, ಪ್ಯಾಕೆಟ್ ಐಸ್, ಸೌಟು, ಇಷ್ಟನ್ನು ಬರೆದು ಕೋಚಿಂಗ್ ಸೆಂಟರಿಗೆ ಕೊಡುತ್ತೇನೆ. ಗಡ್ಡೆ ಐಸ್ ಬಾಟಲಿ ತಣ್ಣಗೆ ಮಾಡಲು ಮಾತ್ರ, ಬೇರೆ ಡಬ್ಬದಲ್ಲಿ. ಒಂದು ಉಳಿಯಿತು. ಬೆಳಿಗ್ಗೆ ಕೊಯ್ದ ಕಲ್ಲಂಗಡಿ ಸಂಜೆ ತನಕ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ, ನೋಡಲು ಚೆನ್ನಾಗಿರುತ್ತೆ ಅಂತ.

ಲ್ಯಾಬಿನ_ಅಕ್ಕ

ಗಾಜಿನ ಪೆಟ್ಟಿಗೆ ನೊಣಕ್ಕೆ ತಡೆ, ಬಿಸಿಗಲ್ಲ. ಮೂಸಂಬಿ ಹುಳಿ ಹಣ್ಣು, ಅದರಲ್ಲಿ ಕ್ರಿಮಿ ಬೆಳೆಯೋದು ನಿಧಾನ. ಕಲ್ಲಂಗಡಿ, ಪಪ್ಪಾಯಿ, ಕರ್ಬೂಜದಲ್ಲಿ ಹುಳಿ ಇಲ್ಲವೇ ಇಲ್ಲ ಅನ್ನಬಹುದು, ಕೊಯ್ದ ಮೇಲೆ ಬಿಸಿಯಲ್ಲಿ ಬೇಗ ಬೆಳೆಯುತ್ತೆ. ಕೊಯ್ದದ್ದು 5 ಡಿಗ್ರಿಯ ಒಳಗೆ ಇರಬೇಕು. ಹೊರಗೆ ನಾಲ್ಕು ಗಂಟೆ ದಾಟಿದರೆ ಬಿಸಾಕಿ.

ಹಾಸನ_ಜ್ಯೂಸ್

ನಾಲ್ಕು ಗಂಟೆಗೆ ಬಿಸಾಕಿದರೆ ದಿನಕ್ಕೆ ಅರ್ಧ ಹಣ್ಣು ಹೋಗುತ್ತಲ್ಲ ಅಕ್ಕ.

ಮಲೆನಾಡ_ಗೆಳೆಯ

ಪ್ರದರ್ಶನಕ್ಕೆ ಇಡೀ ಹಣ್ಣು ಇಡಿ ಗುರು, ಕೊಯ್ದದ್ದು ಫ್ರಿಜ್ಜಿನಲ್ಲಿರಲಿ. ಚಿಕ್ಕ ಕಾಯಿ ತನ್ನಿ, ಎರಡು-ಮೂರು ಕೆಜಿಯದು. ಒಂದು ಮುಗಿದ ಮೇಲೆ ಇನ್ನೊಂದು ಕೊಯ್ಯಿರಿ.

ಲೆಕ್ಕದ_ಖಾತೆ

ಚಿಕ್ಕ ಕಾಯಿಯಲ್ಲಿ ಸಿಪ್ಪೆಯ ಪಾಲು ಜಾಸ್ತಿ, ಅದನ್ನೂ ತೂಕಕ್ಕೆ ಹಾಕಿ ನೋಡಿ. ನನಗಂತೂ ಬಿಸಾಕುವ ಅರ್ಧ ಹಣ್ಣಿಗಿಂತ ಅದು ಅಗ್ಗ ಅನ್ನಿಸುತ್ತೆ.